ವಿಚಾರಿಸಲು ಯಾರೂ ಇಲ್ಲದ ಸಂಬಂಧ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮಂಡ್ಯ, ಮೈಸೂರು ಸೀಮೆಯಲ್ಲಿ ಒಂದು ಸಂಬಂಧದ ಮಾತು ಬಂದರೆ ಜಾತಕ ನೋಡುವುದಕ್ಕೂ ಮೊದಲು ವಿಚಾರಣೆ ನಡೆಯುತ್ತದೆ. ಗಂಡು ಮದ್ದೂರಿನ ಕಡೆಯವನು ಎಂದರೆ ಮದ್ದೂರಿನಲ್ಲಿ ನಮ್ಮವರು ಯಾರಿದ್ದಾರೆ ಎಂದು ಹುಡುಕಿ, ಆ ಮನೆತನ ಎಂಥದ್ದು, ಹುಡುಗ ಹೇಳುವ ಕೆಲಸದಲ್ಲಿ ನಿಜಕ್ಕೂ ಇದ್ದಾನೆಯೇ ಎಂಬುದನ್ನು ಎರಡು ಮೂರು ಬಾಯಿಂದ ಕೇಳಿ ತಿಳಿದುಕೊಂಡ ಮೇಲೆಯೇ ಮಾತು ಮುಂದುವರಿಯುತ್ತದೆ. ಅಂತರಜಾಲದಲ್ಲಿ ಪ್ರೀತಿಯ ಹೆಸರಿನಲ್ಲಿ ಹಣ ಕೀಳುವವರು ಮೊಟ್ಟಮೊದಲು ಮುಚ್ಚುವುದು ಈ ವಿಚಾರಣೆಯ ದಾರಿಯನ್ನೇ. ಅವರು ಹೇಳುವ ಪ್ರತಿಯೊಂದು ಮಾತನ್ನೂ ಈ ದೃಷ್ಟಿಯಿಂದ ನೋಡಿದರೆ, ಯಾವ ಮಾತು ಏಕೆ ಬಂತು ಎಂಬುದು ಸ್ಪಷ್ಟವಾಗುತ್ತದೆ.

ಬ್ಯಾಂಕಿನ ಕೌಂಟರಿನ ಒಳಬದಿಯಲ್ಲಿ ಕುಳಿತು ಬಹಳ ವರ್ಷ ಕೆಲಸ ಮಾಡಿದವನು ನಾನು. ಇಂಥ ಹಲವು ಪ್ರಸಂಗಗಳಲ್ಲಿ ಕಂಡ ಸಂಗತಿಗಳನ್ನು ಸೇರಿಸಿ, ಯಾರ ಗುರುತೂ ಸಿಗದಂತೆ, ಒಂದೇ ಪ್ರಸಂಗವಾಗಿ ನಿಮ್ಮ ಮುಂದಿಡುತ್ತೇನೆ.

ಮಂಡ್ಯದಲ್ಲಿ ಒಬ್ಬ ಪ್ರೌಢಶಾಲಾ ಶಿಕ್ಷಕಿ ಇದ್ದಾರೆ ಎಂದುಕೊಳ್ಳಿ. ವಯಸ್ಸು ಐವತ್ತರ ಮೇಲೆ, ಪತಿ ತೀರಿಕೊಂಡಿದ್ದಾರೆ, ಮಗ ದೂರದ ಊರಿನಲ್ಲಿದ್ದಾನೆ. ಸಹೋದ್ಯೋಗಿಯೊಬ್ಬರ ಒತ್ತಾಯಕ್ಕೆ ಮರುಮದುವೆಯ ಜಾಲತಾಣವೊಂದರಲ್ಲಿ ತಮ್ಮ ವಿವರ ಹಾಕುತ್ತಾರೆ. ಕೆಲವೇ ದಿನಗಳಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರವೈದ್ಯನಾಗಿರುವುದಾಗಿ ಹೇಳಿಕೊಳ್ಳುವ ಒಬ್ಬರ ಸಂದೇಶ ಬರುತ್ತದೆ. ಹುಟ್ಟಿದ್ದು ಬೆಂಗಳೂರಿನಲ್ಲಿ, ಮೂರು ವರ್ಷದ ಮಗುವಾಗಿದ್ದಾಗಲೇ ತಂದೆತಾಯಿ ಬ್ರಿಟನ್ನಿಗೆ ಕರೆದುಕೊಂಡು ಹೋದರು, ಆದ್ದರಿಂದ ಕನ್ನಡ ಬಾರದು. ತಂದೆತಾಯಿ ಈಗಿಲ್ಲ, ಒಡಹುಟ್ಟಿದವರಿಲ್ಲ, ಹೆಂಡತಿ ಕ್ಯಾನ್ಸರಿನಿಂದ ತೀರಿಕೊಂಡಳು. ಕೇಳಿದರೆ ಕರುಣೆ ಹುಟ್ಟುವ ಈ ಕಥೆಯಲ್ಲಿ ವಿಚಾರಿಸುವುದಕ್ಕೆ ಒಬ್ಬ ಮನುಷ್ಯನೂ ಉಳಿದಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ.

ಎರಡನೆಯ ದಿನವೇ ಮಾತುಕತೆ ಜಾಲತಾಣದಿಂದ ವಾಟ್ಸಾಪಿಗೆ ಬರುತ್ತದೆ. ಇದಕ್ಕೆ ಕಾರಣವಿದೆ. ಜಾಲತಾಣದಲ್ಲಿ ಬೇರೆ ಯಾರಾದರೂ ದೂರು ಕೊಟ್ಟರೆ ಆ ಖಾತೆ ರದ್ದಾಗಬಹುದು. ವಾಟ್ಸಾಪಿಗೆ ಬಂದ ಮೇಲೆ ಜಾಲತಾಣದವರ ಕಣ್ಣು ತಪ್ಪುತ್ತದೆ. ನಾಲ್ಕನೆಯ ದಿನಕ್ಕೆ, ‘ದೇವರೇ ನಿನ್ನನ್ನು ನನಗಾಗಿ ಉಳಿಸಿದ್ದಾನೆ, ನಿನ್ನನ್ನು ನಾನು ಆಗಲೇ ಹೆಂಡತಿ ಎಂದು ಭಾವಿಸಿದ್ದೇನೆ’ ಎಂಬ ಮಾತು ಬರುತ್ತದೆ. ಇಷ್ಟು ಅವಸರವೇಕೆ ಎಂದು ಕೇಳಬಹುದು. ಇಂಥವರು ಏಕಕಾಲಕ್ಕೆ ಹತ್ತಾರು ಜನರೊಂದಿಗೆ ಮಾತು ನಡೆಸುತ್ತಿರುತ್ತಾರೆ. ಪ್ರೀತಿಯ ಮಾತಿಗೆ ನಕ್ಕು ಸುಮ್ಮನಾಗುವವರು ಯಾರು, ಕರಗುವವರು ಯಾರು ಎಂಬುದು ಬೇಗ ತಿಳಿದಷ್ಟೂ ಅವರಿಗೆ ಲಾಭ. ಕರಗಿದವರಿಗೆ ಮುಂದೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ತಪ್ಪದೆ ಸಂದೇಶ ಬರುತ್ತದೆ. ಆ ಸಂದೇಶಗಳ ನಡುವೆಯೇ ಸ್ವಂತ ಮನೆಯೇ ಬಾಡಿಗೆಯೇ, ಹಣದ ವ್ಯವಹಾರ ಯಾರು ನೋಡಿಕೊಳ್ಳುತ್ತಾರೆ, ಮಗನಿಗೆ ಈ ವಿಷಯ ಹೇಳಿದೆಯಾ ಎಂಬ ಪ್ರಶ್ನೆಗಳೂ ಪ್ರೀತಿಯ ಕಾಳಜಿಯ ರೂಪದಲ್ಲೇ ಬಂದು ಹೋಗುತ್ತವೆ. ಮಗನಿಗೆ ಹೇಳಿಲ್ಲ ಎಂದರೆ, ‘ಈಗಲೇ ಬೇಡ, ನಾನು ಬಂದಾಗ ಇಬ್ಬರೂ ಸೇರಿ ಹೇಳೋಣ’ ಎನ್ನುತ್ತಾನೆ. ಪ್ರೀತಿಯ ಮಾತಿಗಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ಈ ಮಾತು.

ನಮ್ಮ ಶಿಕ್ಷಕಿಗೆ ಇಲ್ಲಿಯೇ ಒಂದು ಸುಳಿವು ಸಿಕ್ಕಿತ್ತು, ಆದರೆ ಅದು ಸುಳಿವು ಎಂದು ಅವರಿಗೆ ಹೊಳೆಯಲಿಲ್ಲ. ಶಾಲೆಯಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಊಟದ ಡಬ್ಬಿ ತೆರೆಯುವ ಹೊತ್ತಿಗೆ ಸರಿಯಾಗಿ, ‘ನನ್ನ ಊಟ ಈಗ ತಾನೇ ಆಯಿತು, ನಿನ್ನದಾಯಿತೇ’ ಎಂಬ ಸಂದೇಶ ಬರುತ್ತಿತ್ತು. ನಮ್ಮ ಗಡಿಯಾರ ಲಂಡನ್ನಿನ ಗಡಿಯಾರಕ್ಕಿಂತ ಚಳಿಗಾಲದಲ್ಲಿ ಐದೂವರೆ ಗಂಟೆ, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಮುಂದಿರುತ್ತದೆ. ಇಲ್ಲಿ ಮಧ್ಯಾಹ್ನ ಒಂದಾದಾಗ ಅಲ್ಲಿ ಬೆಳಿಗ್ಗೆ ಏಳೂವರೆ ಅಥವಾ ಎಂಟೂವರೆ. ಆ ಹೊತ್ತಿಗೆ ಮಧ್ಯಾಹ್ನದ ಊಟ ಮುಗಿಸುವ ವೈದ್ಯ ಲಂಡನ್ನಿನಲ್ಲಿ ಕುಳಿತಿಲ್ಲ. ಫೋನ್ ನಂಬರು 44ರಿಂದ ಆರಂಭವಾದ ಮಾತ್ರಕ್ಕೆ ಕರೆ ಮಾಡುವವನು ಬ್ರಿಟನ್ನಿನಲ್ಲಿದ್ದಾನೆ ಎಂದು ನಂಬುವಂತಿಲ್ಲ. ಅಂಥ ನಂಬರನ್ನು ಎಲ್ಲಿ ಕುಳಿತೂ ಪಡೆಯಬಹುದು.

ವಿಡಿಯೋ ಕರೆಯ ವಿಷಯಕ್ಕೆ ಬರೋಣ. ಶಿಕ್ಷಕಿ ಕೇಳಿದಾಗಲೆಲ್ಲ ಒಂದೊಂದು ನೆಪ. ಆಸ್ಪತ್ರೆಯಲ್ಲಿ ಅನುಮತಿಯಿಲ್ಲ, ಫೋನಿನ ಕ್ಯಾಮೆರಾ ಕೆಟ್ಟಿದೆ. ತೀರಾ ಹಟ ಹಿಡಿದಾಗ ಒಮ್ಮೆ ಕರೆ ಬಂತು. ಮಬ್ಬಾದ ಮುಖವೊಂದು ಕಾಣಿಸಿ, ಮಾತಿಗೂ ತುಟಿಗೂ ಹೊಂದಿಕೆಯಿಲ್ಲದೆ, ಕೆಲವೇ ಕ್ಷಣಗಳಲ್ಲಿ ಕರೆ ಕಡಿದು, ‘ನೆಟ್‌ವರ್ಕ್ ಸರಿಯಿಲ್ಲ’ ಎಂಬ ಸಂದೇಶ ಬಂತು. ಬೇರೊಬ್ಬರ ಹಳೆಯ ವಿಡಿಯೋವನ್ನು ಇನ್ನೊಂದು ಫೋನಿನಲ್ಲಿ ಓಡಿಸಿ ಕ್ಯಾಮೆರಾದ ಮುಂದೆ ಹಿಡಿದರೆ ಹೀಗೆಯೇ ಕಾಣುತ್ತದೆ. ಮುಖವನ್ನೇ ಬದಲಿಸಿ ತೋರಿಸುವ ತಂತ್ರಾಂಶಗಳೂ ಈಗ ಬಂದಿವೆ. ಆದ್ದರಿಂದ ಮುನ್ಸೂಚನೆ ಕೊಡದೆ ಕರೆ ಮಾಡಿ, ಅಂಗೈಯನ್ನು ಮುಖದ ಮುಂದೆ ನಿಧಾನವಾಗಿ ಆಡಿಸಲು ಹೇಳಿ, ಪೂರ್ತಿ ಪಕ್ಕಕ್ಕೆ ತಿರುಗಲು ಹೇಳಿ. ಹಳೆಯ ವಿಡಿಯೋ ಇದನ್ನು ಮಾಡಲಾರದು, ಸಾಧಾರಣ ತಂತ್ರಾಂಶವಾದರೆ ಅಂಚಿನಲ್ಲಿ ಮುಖ ಕದಡಿದಂತೆ ಕಾಣುತ್ತದೆ. ಹಾಗೆಂದು ಈ ಪರೀಕ್ಷೆಯನ್ನೂ ಪೂರ್ಣವಾಗಿ ನಂಬಬೇಡಿ. ವಾರಗಟ್ಟಲೆ ಕೇಳಿದರೂ ಮುಖ ತೋರಿಸದವನು ಮೋಸಗಾರ ಎಂದು ಬಹುಮಟ್ಟಿಗೆ ತೀರ್ಮಾನಿಸಬಹುದು. ಮುಖ ತೋರಿಸಿದವನು ಸಾಚಾ ಎಂದು ಮಾತ್ರ ತೀರ್ಮಾನಿಸಲಾಗದು.

ಇದಕ್ಕಿಂತ ಗಟ್ಟಿಯಾದ ವಿಚಾರಣೆಯ ದಾರಿಯೊಂದು ಈ ಪ್ರಸಂಗದಲ್ಲೇ ಇದೆ. ಬ್ರಿಟನ್ನಿನಲ್ಲಿ ವೈದ್ಯವೃತ್ತಿ ನಡೆಸುವ ಪ್ರತಿಯೊಬ್ಬರ ಹೆಸರೂ ಅಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲ್‌ನ ನೋಂದಣಿ ಪಟ್ಟಿಯಲ್ಲಿರಬೇಕು, ಆ ಪಟ್ಟಿಯನ್ನು ಯಾರು ಬೇಕಾದರೂ ಅಂತರಜಾಲದಲ್ಲಿ ಉಚಿತವಾಗಿ ನೋಡಬಹುದು. ಹೆಸರು ಇಲ್ಲವಾದರೆ ಮಾತು ಅಲ್ಲಿಗೆ ಮುಗಿಯಿತು. ಹೆಸರು ಇದ್ದರೆ, ನಿಜವಾದ ವೈದ್ಯರೊಬ್ಬರ ಹೆಸರನ್ನೂ ಭಾವಚಿತ್ರವನ್ನೂ ಕದ್ದಿರುವ ಸಾಧ್ಯತೆ ಉಳಿಯುತ್ತದೆ. ಆಗ ಅವನು ಕೊಟ್ಟ ನಂಬರನ್ನು ಬಿಟ್ಟು ಆಸ್ಪತ್ರೆಯೇ ಪ್ರಕಟಿಸಿರುವ ನಂಬರಿಗೆ ಕರೆ ಮಾಡಿ ಕೇಳಬೇಕು. ಅವನು ಕಳಿಸಿದ ಫೋಟೋವನ್ನು ಗೂಗಲ್ ಲೆನ್ಸ್‌ನಲ್ಲಿ ಹಾಕಿ ಹುಡುಕಿದರೆ, ಅದೇ ಮುಖ ಬೇರೊಂದು ಹೆಸರಿನಲ್ಲಿ ಇನ್ನೆಲ್ಲೋ ಕಾಣಿಸುವುದೂ ಉಂಟು.

ತಿಂಗಳು ತುಂಬುವ ಹೊತ್ತಿಗೆ ಉಡುಗೊರೆಯ ಮಾತು ಬರುತ್ತದೆ. ಚಿನ್ನದ ಸರ, ಫೋನು, ಜೊತೆಗೆ ಮದುವೆಯ ಖರ್ಚಿಗೆಂದು ಪೌಂಡ್ ನೋಟುಗಳು; ಶಿಕ್ಷಕಿಯ ಮನೆಯ ವಿಳಾಸ ಬರೆದ ಡಬ್ಬಿಯ ಫೋಟೋ ಕೂಡ ಬರುತ್ತದೆ. ಎರಡು ದಿನ ಕಳೆದ ಮೇಲೆ ದೆಹಲಿ ವಿಮಾನ ನಿಲ್ದಾಣದ ಕಸ್ಟಮ್ಸ್ ಕಚೇರಿಯಿಂದ ಎಂದು ಹೇಳಿಕೊಂಡು ಒಬ್ಬ ಹೆಂಗಸು ಕರೆ ಮಾಡುತ್ತಾಳೆ. ಸುಂಕ ಮೂವತ್ತೈದು ಸಾವಿರ, ಇಂದು ಸಂಜೆಯೊಳಗೆ ಕಟ್ಟದಿದ್ದರೆ ನಿಮ್ಮ ಮೇಲೆ ಪ್ರಕರಣ. ಕಟ್ಟಿದ ಮರುದಿನ, ಡಬ್ಬಿಯನ್ನು ಸ್ಕ್ಯಾನ್ ಮಾಡಿದಾಗ ವಿದೇಶಿ ನೋಟು ಸಿಕ್ಕಿದೆ, ಪ್ರಮಾಣಪತ್ರಕ್ಕೆ ತೊಂಬತ್ತೈದು ಸಾವಿರ. ಅದಾದ ಮೇಲೆ ನೋಟು ಪರಿವರ್ತನೆಗೆ ಎರಡು ಲಕ್ಷದ ನಲವತ್ತು ಸಾವಿರ. ಒಟ್ಟು ಮೂರು ಲಕ್ಷದ ಎಪ್ಪತ್ತು ಸಾವಿರ ರೂಪಾಯಿ. ಕೊನೆಯ ಕಂತಿಗಾಗಿ ಅವರು ಬಳೆಗಳನ್ನು ಅಡವಿಟ್ಟರು. ಇದನ್ನು ಕೇಳಿದವರು ‘ಓದಿದವರು ಇಷ್ಟು ದಡ್ಡರಾಗುತ್ತಾರೆಯೇ’ ಎನ್ನುತ್ತಾರೆ, ನಾನು ಹಾಗೆನ್ನಲಾರೆ. ಮೊದಲ ಮೂವತ್ತೈದು ಸಾವಿರ ಕೊಟ್ಟವರಿಗೆ ಎರಡನೆಯ ಕಂತು ಎಂದರೆ ಮೊದಲನೆಯದನ್ನು ಉಳಿಸಿಕೊಳ್ಳುವ ದಾರಿಯಾಗಿ ಕಾಣುತ್ತದೆ, ಮೂರನೆಯದು ಎರಡನ್ನೂ ಉಳಿಸುವ ದಾರಿಯಾಗಿ ಕಾಣುತ್ತದೆ. ಮೋಸಗಾರನ ಲೆಕ್ಕ ನಿಂತಿರುವುದೇ ಇದರ ಮೇಲೆ.

ಬ್ಯಾಂಕಿನವರ ಕಣ್ಣಿಗೆ ಇಲ್ಲಿ ಎದ್ದು ಕಾಣುವ ಸಂಗತಿ ಒಂದೇ. ಮೂರೂ ಕಂತುಗಳು ಹೋದದ್ದು ಹೊರರಾಜ್ಯಗಳ ಮೂರು ಬೇರೆ ಬೇರೆ ವ್ಯಕ್ತಿಗಳ ಉಳಿತಾಯ ಖಾತೆಗೆ. ಕಸ್ಟಮ್ಸ್ ಸುಂಕ ಸೇರುವುದು ಸರ್ಕಾರದ ಖಾತೆಗೆ. ವಿದೇಶದ ಪಾರ್ಸೆಲ್ಲಿನ ಮೇಲೆ ಸುಂಕ ಬಿದ್ದರೆ ಅಂಚೆ ಕಚೇರಿಯವರೋ ಕೊರಿಯರ್ ಸಂಸ್ಥೆಯವರೋ ರಸೀದಿ ಕೊಟ್ಟು ವಸೂಲಿ ಮಾಡುತ್ತಾರೆ. ಕಸ್ಟಮ್ಸ್ ಅಧಿಕಾರಿ ಫೋನ್ ಮಾಡಿ ಯಾರದೋ ಸ್ವಂತ ಖಾತೆಗೆ ಹಣ ಹಾಕಿ ಎನ್ನುವ ಪದ್ಧತಿಯೇ ಇಲ್ಲ. ಯುಪಿಐಯಲ್ಲಿ ಪಿನ್ ಒತ್ತುವ ಮೊದಲು ಹಣ ಪಡೆಯುವವರ ಹೆಸರು ಪರದೆಯ ಮೇಲೆ ಬರುತ್ತದೆ. ಸರ್ಕಾರಕ್ಕೆ ಕಟ್ಟುತ್ತಿದ್ದೇನೆ ಎಂದುಕೊಂಡಿರುವಾಗ ಅಲ್ಲಿ ಒಬ್ಬ ವ್ಯಕ್ತಿಯ ಹೆಸರು ಕಂಡರೆ ಕೈ ಅಲ್ಲಿಯೇ ನಿಲ್ಲಬೇಕು. ಕೌಂಟರಿನಲ್ಲಿ ಗುಮಾಸ್ತರು ಈ ಹಣ ಯಾರಿಗೆ ಎಂದು ಕೇಳಿದಾಗ, ‘ತಮ್ಮನ ಮಗನ ಕಾಲೇಜು ಫೀಸು’ ಎಂದು ಹೇಳಬೇಕೆಂದು ಆ ‘ವೈದ್ಯ’ನೇ ಶಿಕ್ಷಕಿಗೆ ಕಲಿಸಿಕೊಟ್ಟಿದ್ದ. ಬ್ಯಾಂಕಿನಲ್ಲಿ ಸುಳ್ಳು ಹೇಳು ಎಂದವನ ಬಗ್ಗೆ ಬೇರೆ ಪುರಾವೆ ಬೇಕಿಲ್ಲ.

ಹಣ ಹೋದದ್ದು ತಿಳಿದ ಕ್ಷಣವೇ 1930 ಸಂಖ್ಯೆಗೆ ಕರೆ ಮಾಡಬೇಕು, ಇಲ್ಲವೇ cybercrime.gov.in ತಾಣದಲ್ಲಿ ದೂರು ದಾಖಲಿಸಬೇಕು, ನಿಮ್ಮ ಬ್ಯಾಂಕಿಗೂ ತಿಳಿಸಬೇಕು. ಕಳಿಸಿದ ದಿನ, ಮೊತ್ತ, ವಹಿವಾಟಿನ ಸಂಖ್ಯೆ ಕೈಯಲ್ಲಿರಲಿ. ಹಣ ಮೊದಲ ಖಾತೆಯಲ್ಲಿ ಹೆಚ್ಚು ಹೊತ್ತು ಇರುವುದಿಲ್ಲ. ಅಲ್ಲಿಂದ ನಾಲ್ಕಾರು ಖಾತೆಗಳಿಗೆ ಹಂಚಿಹೋಗಿ ಎಟಿಎಮ್ಮಿನಿಂದ ಹೊರಬರುತ್ತದೆ. ಅದು ಹೊರಬರುವ ಮುನ್ನ ದೂರು ತಲುಪಿದರೆ ಖಾತೆಯಲ್ಲಿ ಉಳಿದಷ್ಟನ್ನು ತಡೆಹಿಡಿಯಬಹುದು, ಹೊರಬಂದ ಮೇಲೆ ಬಹಳ ಕಷ್ಟ. ಬ್ಯಾಂಕು ತುಂಬಿಕೊಡುತ್ತದೆ ಎಂಬ ಭರವಸೆ ಬೇಡ. ಗ್ರಾಹಕರ ಅರಿವಿಲ್ಲದೆ ನಡೆದ ವಹಿವಾಟಿಗೆ ರಿಸರ್ವ್ ಬ್ಯಾಂಕಿನ ನಿಯಮಗಳ ರಕ್ಷಣೆಯಿದೆ. ತಾವೇ ಪಿನ್ ಒತ್ತಿ ಕಳಿಸಿದ ಹಣ ಸಾಮಾನ್ಯವಾಗಿ ಆ ರಕ್ಷಣೆಯೊಳಗೆ ಬರುವುದಿಲ್ಲ. ಸಿಟ್ಟಿಗೋ ನಾಚಿಕೆಗೋ ಚಾಟ್ ಅಳಿಸಿಬಿಡುವವರು ಬಹಳ ಜನ. ದಯವಿಟ್ಟು ಅಳಿಸಬೇಡಿ, ನಂಬರನ್ನು ಬ್ಲಾಕ್ ಮಾಡುವ ಮೊದಲು ಎಲ್ಲವನ್ನೂ ಉಳಿಸಿಕೊಳ್ಳಿ, ಮಂಡ್ಯದಲ್ಲಾಗಲಿ ಮೈಸೂರಿನಲ್ಲಾಗಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗೆ ಹೋಗುವಾಗ ಜೊತೆಗೊಯ್ಯಿರಿ. ವೇಷ ಮರೆಸಿ ಕಂಪ್ಯೂಟರ್ ಅಥವಾ ಫೋನಿನ ಮೂಲಕ ವಂಚಿಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಲ್ಲಿ ಮೂರು ವರ್ಷದವರೆಗೆ ಸೆರೆವಾಸವಿದೆ.

ಇನ್ನೊಂದು ಸಂಗತಿ ಉಳಿದಿದೆ. ಕೆಲವು ವಾರಗಳ ನಂತರ ಶಿಕ್ಷಕಿಗೆ ಮತ್ತೊಂದು ಕರೆ ಬಂತು. ‘ನಾವು ಸೈಬರ್ ವಿಭಾಗದವರು, ನಿಮ್ಮ ಹಣ ಪತ್ತೆಯಾಗಿದೆ, ಬಿಡಿಸಿಕೊಡಲು ನ್ಯಾಯಾಲಯದ ಶುಲ್ಕ ಮೂವತ್ತೇಳು ಸಾವಿರ ಕಟ್ಟಿ’ ಎಂದರು. ಕಳೆದುಕೊಂಡ ಮೊತ್ತ ಕರೆ ಮಾಡಿದವರ ಬಾಯಲ್ಲಿ ಕರಾರುವಾಕ್ಕಾಗಿ ಬಂದದ್ದರಿಂದ ಶಿಕ್ಷಕಿ ಅರ್ಧ ನಂಬಿದ್ದರು. ಹಣ ತೆಗೆದುಕೊಂಡವರಿಗೇ ಆ ಮೊತ್ತ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಈ ಬಾರಿ ಶಿಕ್ಷಕಿ ಕರೆ ಮಾಡಿದವರ ಹುದ್ದೆ, ಠಾಣೆಯ ಹೆಸರು ಬರೆದುಕೊಂಡು, ತಾವು ದೂರು ಕೊಟ್ಟಿದ್ದ ಠಾಣೆಗೆ ಮಗನನ್ನು ಕರೆದುಕೊಂಡು ಹೋಗಿ ವಿಚಾರಿಸಿದರು. ಅಂಥ ಕರೆಯನ್ನು ಅಲ್ಲಿಂದ ಯಾರೂ ಮಾಡಿರಲಿಲ್ಲ.