ಶುಕ್ರವಾರ ಕೊಡಬೇಕಿದ್ದ ಕೆಲಸ

ಕೇಳುಗರೇ, ನಮಸ್ಕಾರ. ಹೋದ ಮಳೆಗಾಲದಲ್ಲಿ ಒಂದು ಶುಕ್ರವಾರ ಸಂಜೆ ನಾನು ಒಂದೇ ಮೇಲ್ ಬರೆಯೋಕೆ ಕೂತು ನಾಲ್ಕು ಸಲ ಅಳಿಸಿದೆ.

ಕದ್ರಿಯಲ್ಲಿ ನಮ್ಮದು ನಾಲ್ಕು ಜನರ ಸಾಫ್ಟ್‌ವೇರ್ ಆಫೀಸು. ಬಂದರಿನ ಗೇರುಬೀಜ ವ್ಯಾಪಾರಿಯೊಬ್ಬರಿಗೆ ಆ ದಿನ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಡಬೇಕಿತ್ತು. ಕೊಟ್ಟಿರಲಿಲ್ಲ.

ಮೊದಲು ಬರೆದದ್ದು ಹೀಗಿತ್ತು: 'ಅನಿವಾರ್ಯ ಕಾರಣಗಳಿಂದ ತಡವಾಗಿದೆ, ಅನಾನುಕೂಲಕ್ಕೆ ವಿಷಾದಿಸುತ್ತೇವೆ, ಆದಷ್ಟು ಬೇಗ ಕೊಡುತ್ತೇವೆ.' ಓದಿ ನನಗೇ ನಗು ಬಂತು, ರೈಲ್ವೆ ಸ್ಟೇಷನ್ನಿನ ಮೈಕ್ ಕೇಳಿದ ಹಾಗಿತ್ತು. ಇನ್ನೊಂದರಲ್ಲಿ ಮಳೆ, ಕರೆಂಟು ಅಂತ ಬರೆದೆ. ಕರೆಂಟು ಹೋದದ್ದು ನಿಜ, ಆದರೆ ಎರಡೇ ಗಂಟೆ.

ನಿಜವಾದ ತೊಂದರೆ ಅವರ ಹಳೇ ಲೆಕ್ಕದಲ್ಲಿತ್ತು. 1,200 ಗಿರಾಕಿಗಳ ಹೆಸರು, ಅದರಲ್ಲಿ ಒಂದೇ ಅಂಗಡಿ ಮೂರು ಸ್ಪೆಲ್ಲಿಂಗಿನಲ್ಲಿ. ಹಾಗೇ ಹಾಕಿದರೆ ಒಬ್ಬರ ಬಾಕಿ ಮೂರು ಕಡೆ ಹಂಚಿಹೋಗುತ್ತದೆ. ಇದು ನಮಗೆ ಬುಧವಾರವೇ ಗೊತ್ತಾಗಿತ್ತು. ಎರಡು ದಿನ ಸುಮ್ನೆ ಇದ್ದದ್ದೇ ನಮ್ಮ ತಪ್ಪು, ಅಲ್ವಾ? ತಡವಾಗಿದ್ದಕ್ಕಿಂತ ಅದೇ ದೊಡ್ಡದು.

ಹಾಗಾಗಿ ಮೊದಲು ಫೋನ್ ಮಾಡಿ ಬೈಸಿಕೊಂಡೆ. ಆಮೇಲೆ ಮೇಲ್ ಕಳಿಸಿದೆ, ಯಾಕಂದ್ರೆ ಫೋನಿನಲ್ಲಿ ಹೇಳಿದ ತಾರೀಕು ಯಾರಿಗೂ ನೆನಪಿರುವುದಿಲ್ಲ. ಸಬ್ಜೆಕ್ಟ್ ಸಾಲಿನಲ್ಲಿ ಕ್ಷಮೆ ಹಾಕಲಿಲ್ಲ, 'ಬಿಲ್ಲಿಂಗ್ ತಡವಾಗಿದೆ: ಸೋಮವಾರ ಏನು ಸಿಗುತ್ತದೆ, ಮುಂದಿನ ಶುಕ್ರವಾರ ಏನು' ಅಂತ ಬರೆದೆ. ಒಳಗೆ ಮೊದಲ ಸಾಲು: 'ಇವತ್ತು ಕೊಡುತ್ತೇವೆ ಅಂದಿದ್ದೆವು, ಕೊಟ್ಟಿಲ್ಲ. ಬುಧವಾರವೇ ಗೊತ್ತಿದ್ದೂ ನಿಮಗೆ ಹೇಳಲಿಲ್ಲ, ಅದಕ್ಕೆ ಕ್ಷಮಿಸಿ.'

ಆಮೇಲೆ ಲೆಕ್ಕ. ನಮ್ಮಲ್ಲಿ ಒಬ್ಬರು ದಿನಕ್ಕೆ 300 ಹೆಸರು ನೋಡಿ ಸರಿ ಮಾಡಬಹುದು. ಶನಿವಾರದಿಂದ ಹಿಡಿದು, ಭಾನುವಾರ ಬಿಟ್ಟರೆ, ಬುಧವಾರಕ್ಕೆ ಮುಗಿಯುತ್ತದೆ. ಬುಧವಾರ ಅಂತಲೇ ಬರೆಯೋಕೆ ಕೈ ತುರಿಸಿತು, ಬರೆಯಲಿಲ್ಲ. ಗುರುವಾರ ಅವರ ಗುಮಾಸ್ತರ ಎದುರು ನಿಜವಾದ ಬಿಲ್ ಹಾಕಿ ನೋಡುವುದಕ್ಕೆ, ಶುಕ್ರವಾರ ಕೊಡುವುದಕ್ಕೆ ಅಂತ ಇಟ್ಟೆ. ಒಮ್ಮೆ ತಪ್ಪಿದ ತಾರೀಕನ್ನು ಜನ ಮರೀತಾರೆ, ಎರಡನೇ ಸಲ ತಪ್ಪಿದ್ದನ್ನು ಮರೆಯುವುದಿಲ್ಲ.

ಆದರೆ ಅಲ್ಲಿಯವರೆಗೆ ಅವರ ಅಂಗಡಿ ನಡೆಯಬೇಕಲ್ಲ? ಅದಕ್ಕೆ ಪದೇ ಪದೇ ಮಾಲು ಒಯ್ಯುವ 60 ಗಿರಾಕಿಗಳನ್ನು ಮೊದಲು ಸರಿ ಮಾಡಿ, ಸೋಮವಾರ ಬೆಳಿಗ್ಗೆ ಅವರ ಬಿಲ್ ಬರುವ ಹಾಗೆ ಮಾಡುತ್ತೇವೆ ಅಂತ ಬರೆದೆ. ದಿನಾ ಸಂಜೆ ಐದಕ್ಕೆ ಎಷ್ಟು ಹೆಸರು ಮುಗಿಯಿತು ಅಂತ ಒಂದು ಸಾಲಿನ ಮೇಲ್. ಬುಧವಾರ ಸಂಜೆಗೆ 1,100 ದಾಟದಿದ್ದರೆ ಅವತ್ತೇ ನಾನೇ ಫೋನ್ ಮಾಡುತ್ತೇನೆ.

ರೇಟು ಕಡಿಮೆ ಮಾಡುತ್ತೇವೆ ಅನ್ನುವ ಸಾಲನ್ನು ಅಳಿಸಿದೆ. ಅವರು ದುಡ್ಡು ಕೇಳಿರಲಿಲ್ಲ, ಬಿಲ್ ಕೇಳಿದ್ದರು. ಮೊದಲೇ ದುಡ್ಡಿನ ಮಾತೆತ್ತಿದರೆ ಬಾಯಿ ಮುಚ್ಚಿಸಿದ ಹಾಗಾಗುತ್ತದೆ.

ರಾತ್ರಿ ಒಂಬತ್ತಕ್ಕೆ ಉತ್ತರ ಬಂತು. ಬೈಗುಳ ಇರಲಿಲ್ಲ, ಒಂದೇ ಪ್ರಶ್ನೆ: 'ಆ 60ರಲ್ಲಿ ಕುಂದಾಪುರದ ಬೇಕರಿಯವರು ಇದ್ದಾರಾ?'

ಇರಲಿಲ್ಲ. 61 ಮಾಡಿದೆವು.