ಸ್ನಾನಕ್ಕೆ ಕರೆದರೆ ಹೊಡೆಯುತ್ತಾರೆ: ಡಿಮೆನ್ಷಿಯಾದಲ್ಲಿ ಮಾತ್ರೆಗೂ ಮೊದಲು ನೋಡಬೇಕಾದ್ದು

[ತೆರೆಯ ಮೇಲೆ: ಡ್ಯೂಟಿ ರಿಜಿಸ್ಟರ್‌ನ ಒಂದು ಪುಟ, ಕೈಬರಹ]

"ಬೆಳಗ್ಗೆ 7.40. ಪೇಷೆಂಟ್ ವಯಲೆಂಟ್. ಆಯಾಗೆ ಹೊಡೆದರು. ಡಾಕ್ಟರ್‌ಗೆ ಫೋನ್ ಮಾಡಿದೆ."

ನಮಸ್ಕಾರ. ಕೇರ್ ಹೋಮ್‌ನಲ್ಲಿ ಕೆಲಸ ಮಾಡುವ ಯಾರಿಗೂ ಈ ಸಾಲು ಹೊಸದಲ್ಲ. ಡ್ಯೂಟಿ ಸಿಸ್ಟರ್ ಆಗಿದ್ದಾಗ ನಾನೂ ಇಂಥದ್ದನ್ನು ಎಷ್ಟೋ ಸಲ ಬರೆದಿದ್ದೇನೆ. ಈಗ ನೆನೆದರೆ ನಾಚಿಕೆ ಆಗುತ್ತದೆ. ಹೊಡೆದದ್ದು ಎಲ್ಲಿ, ಆಗ ಆಯಾ ಏನು ಮಾಡುತ್ತಿದ್ದರು, ಅದಕ್ಕೂ ಹತ್ತು ಸೆಕೆಂಡ್ ಮೊದಲು ಏನಾಯಿತು, ಒಂದೂ ಇದರಲ್ಲಿಲ್ಲ. ಇರುವುದು 'ವಯಲೆಂಟ್' ಅನ್ನುವ ಒಂದೇ ಮಾತು. ಅದನ್ನು ಫೋನಿನಲ್ಲಿ ಕೇಳಿಸಿಕೊಂಡ ಡಾಕ್ಟರ್ ಏನು ಮಾಡಬೇಕು? ಕ್ವೆಟಿಯಾಪಿನ್ ಅಥವಾ ರಿಸ್ಪೆರಿಡೋನ್ ಬರೆಯುತ್ತಾರೆ. ನಾವು 'ಸಮಾಧಾನದ ಮಾತ್ರೆ' ಅನ್ನುತ್ತೇವಲ್ಲ, ಅದೇ. ಸರಿಯಾದ ಹೆಸರು ಆ್ಯಂಟಿಸೈಕೋಟಿಕ್.

ಇವತ್ತು ಸ್ನಾನದ ಹೊತ್ತಿನ ಹೊಡೆತ ಒಂದನ್ನೇ ತೆಗೆದುಕೊಳ್ಳೋಣ. ಆಯಾಗಳು ಏಟು ತಿನ್ನುವುದು ಜಾಸ್ತಿ ಅಲ್ಲೇ.

[ದೃಶ್ಯ: ಬಾತ್‌ರೂಮ್, ಬಕೆಟ್, ಮಗ್, ಪ್ಲಾಸ್ಟಿಕ್ ಸ್ಟೂಲ್]

ಅವರನ್ನು ಸುಮಿತ್ರಮ್ಮ ಅಂತ ಕರೆಯೋಣ. ಹೆಸರು ನಿಜವಲ್ಲ, ಒಂದಿಬ್ಬರ ಕಥೆಯನ್ನು ಸೇರಿಸಿ ಹೇಳುತ್ತಿದ್ದೇನೆ. ವಯಸ್ಸು 78, ಆಲ್ಝೈಮರ್ಸ್, ಮಾತು ಬಹಳ ಕಡಿಮೆಯಾಗಿದೆ. ಮಗಳು ಕೇರ್ ಹೋಮ್‌ಗೆ ಸೇರಿಸಿ ಒಂದು ತಿಂಗಳು. ಹಗಲೆಲ್ಲಾ ಸುಮ್ನೆ ಕೂತಿರುತ್ತಾರೆ. ಸ್ನಾನಕ್ಕೆ ಕರೆದುಕೊಂಡು ಹೋದರೆ ಮಾತ್ರ ಕಿರುಚುತ್ತಾರೆ, ಪರಚುತ್ತಾರೆ, ಹೊಡೆಯುತ್ತಾರೆ.

ಮೊದಲ ಪ್ರಶ್ನೆ: ಇದು ಯಾವಾಗ ಶುರುವಾಯಿತು? ನಿನ್ನೆಯವರೆಗೆ ಚೆನ್ನಾಗಿದ್ದವರು ಇವತ್ತು ಇದ್ದಕ್ಕಿದ್ದಂತೆ ಗಲಾಟೆ ಮಾಡುತ್ತಿದ್ದರೆ, ಅಥವಾ ಇದ್ದಕ್ಕಿದ್ದಂತೆ ಮಂಕಾಗಿ ತೂಗಡಿಸುತ್ತಿದ್ದರೆ, ಅದನ್ನು ಡಿಮೆನ್ಷಿಯಾದ ಸ್ವಭಾವ ಅಂತ ಬಿಡಬೇಡಿ. ಅದು ಡೆಲಿರಿಯಂ ಇರಬಹುದು, ಅಂದರೆ ದೇಹದ ತೊಂದರೆಯಿಂದ ಇದ್ದಕ್ಕಿದ್ದಂತೆ ತಲೆ ಗೊಂದಲವಾಗುವುದು. ಒಳಗೆ ಸೋಂಕು, ಮೂತ್ರ ಕಟ್ಟಿರುವುದು, ನಾಲ್ಕು ದಿನದಿಂದ ಹೊಟ್ಟೆ ಹೋಗದಿರುವುದು, ನೀರು ಸಾಲದಿರುವುದು, ಹೊಸದಾಗಿ ಶುರುವಾದ ಮಾತ್ರೆ, ಯಾರೂ ನೋಡದೆ ಬಿದ್ದಿರುವುದು, ಇವುಗಳಲ್ಲಿ ಯಾವುದಾದರೂ ಒಂದು ಕಾರಣ ಇರಬಹುದು. ಜ್ವರ, ಬಿಪಿ, ಆಕ್ಸಿಜನ್, ಶುಗರ್ ನೋಡಿ ಅವತ್ತೇ ಡಾಕ್ಟರ್‌ಗೆ ತೋರಿಸಬೇಕು. ಅಂದಹಾಗೆ, ನೆಗಡಿಗೆ ಕೊಡುವ ಕ್ಲೋರ್‌ಫೆನಿರಮೈನ್ ಇರುವ ಮಾತ್ರೆ ಕೂಡ ವಯಸ್ಸಾದವರ ತಲೆಯನ್ನು ಗೊಂದಲ ಮಾಡಬಲ್ಲದು. ನಾವಾಗಿಯೇ ಅಲಮಾರಿಯಿಂದ ತೆಗೆದು ಕೊಡುತ್ತೇವೆ, ಚಾರ್ಟ್‌ನಲ್ಲಿ ಬರೆಯುವುದೂ ಇಲ್ಲ.

ಸುಮಿತ್ರಮ್ಮನದು ಹಾಗಿರಲಿಲ್ಲ. ಬಂದ ಮೊದಲ ವಾರದಿಂದಲೂ ಹೀಗೇ. ಜ್ವರ ಇಲ್ಲ, ಮೂತ್ರ ಸರಿಯಾಗಿದೆ, ಹೊಟ್ಟೆಯೂ ಸರಿಯಾಗಿ ಹೋಗುತ್ತಿದೆ. ಆದ್ದರಿಂದ ಒಂದು ವಾರ ಬರೆದು ನೋಡೋಣ ಅಂದುಕೊಂಡೆವು.

[ತೆರೆಯ ಮೇಲೆ: ಮೂರು ಕಾಲಂಗಳ ಹಾಳೆ. 'ಮೊದಲು', 'ಆಗ', 'ಆಮೇಲೆ']

ಹಾಳೆಯಲ್ಲಿ ಮೂರೇ ಕಾಲಂ. ಮೊದಲು ಏನಾಗುತ್ತಿತ್ತು, ಆಗ ಅವರು ಏನು ಮಾಡಿದರು, ಆಮೇಲೆ ನಾವೇನು ಮಾಡಿದೆವು. ಇದಕ್ಕೆ ಎಬಿಸಿ ಚಾರ್ಟ್ ಅಂತ ಹೆಸರು. ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಬೇಕು, ನಿಯಮ ಇದೊಂದೇ. 'ಹಠ ಮಾಡಿದರು' ಅಂತ ಬರೆಯಬಾರದು. 'ಎಡಗೈಯನ್ನು ಎದೆಗೆ ಒತ್ತಿಕೊಂಡು ಬಲಗೈಯಿಂದ ತಳ್ಳಿದರು' ಅಂತ ಬರೆಯಬೇಕು. ಏಟು ತಿಂದ ಆಯಾಳೇ ಹೇಳಬೇಕು, ಸಿಸ್ಟರ್ ಬರೆದುಕೊಳ್ಳಬೇಕು. ಸಂಜೆ ಹ್ಯಾಂಡೋವರ್ ಹೊತ್ತಿಗೆ ನೆನಪಿನಿಂದ ಬರೆದರೆ ಮತ್ತೆ 'ವಯಲೆಂಟ್' ಅಂತಲೇ ಆಗುತ್ತದೆ.

ಏಳು ದಿನಕ್ಕೆ ಆರು ಘಟನೆ. ಐದು ಬಾತ್‌ರೂಮಿನಲ್ಲಿ, ಒಂದು ರಾತ್ರಿ ಡೈಪರ್ ಬದಲಾಯಿಸುವಾಗ. ಬಾತ್‌ರೂಮಿನ ಐದರಲ್ಲಿ ನಾಲ್ಕು ನೀರು ಮುಟ್ಟುವ ಮೊದಲೇ ಆಗಿದ್ದವು: ರವಿಕೆಯ ಎಡತೋಳು ಬಿಚ್ಚುವಾಗ. ಒಂದು, ತಲೆ ಮೇಲೆ ಮಗ್‌ನಿಂದ ನೀರು ಸುರಿದಾಗ. ರಾತ್ರಿಯದ್ದು? ಎಡಮಗ್ಗುಲಿಗೆ ಹೊರಳಿಸಿದ್ದರು.

ಭಾನುವಾರ ಏನೂ ಆಗಿರಲಿಲ್ಲ. ಯಾವ ದಿನ ಗಲಾಟೆ ಆಗಲಿಲ್ಲ ಅನ್ನುವುದನ್ನು ನಾವು ಕೇಳುವುದೇ ಇಲ್ಲ, ಆದರೆ ಉತ್ತರ ಅಲ್ಲೇ ಇರುತ್ತದೆ. ಭಾನುವಾರ ಬದಲಿಗೆ ಬಂದಿದ್ದ ಆಯಾ ಹಳ್ಳಿಯವಳು. "ಸಿಸ್ಟರ್, ನಾನು ಅವರ ಬಟ್ಟೆ ಪೂರ್ತಿ ಬಿಚ್ಚಲಿಲ್ಲ. ನಮ್ಮಜ್ಜಿ ಥರ ಲಂಗಾನ ಎದೆ ಮೇಲೆ ಕಟ್ಟಿ, ಕಾಲಿಂದ ನೀರು ಹಾಕಿದೆ" ಅಂದಳು. ಅವತ್ತು ಹಾಕಿದ್ದು ರವಿಕೆ ಅಲ್ಲ, ಮುಂದೆ ಗುಂಡಿ ಇರುವ ನೈಟಿ.

ಮಗಳಿಗೆ ಫೋನ್ ಮಾಡಿದೆವು. ಎರಡು ವರ್ಷದ ಹಿಂದೆ ಬಿದ್ದು ಎಡಭುಜಕ್ಕೆ ಪೆಟ್ಟಾಗಿತ್ತಂತೆ, ಅಂದಿನಿಂದ ಕೈ ಮೇಲೆತ್ತಲು ಆಗುವುದಿಲ್ಲವಂತೆ. ಇನ್ನೊಂದು ಮಾತನ್ನೂ ಹೇಳಿದಳು: "ಅಮ್ಮ ನನ್ನೆದುರಿಗೂ ಯಾವತ್ತೂ ಪೂರ್ತಿ ಬಟ್ಟೆ ಬಿಚ್ಚಿ ಸ್ನಾನ ಮಾಡಿಲ್ಲ." ಈ ಎರಡೂ ಅಡ್ಮಿಷನ್ ಫಾರ್ಮ್‌ನಲ್ಲಿ ಇರಲಿಲ್ಲ. ಫಾರ್ಮ್‌ನಲ್ಲಿ ಕೇಳಿರಲೂ ಇಲ್ಲ.

[ದೃಶ್ಯ: ಸಿಸ್ಟರ್ ನಿಧಾನವಾಗಿ ಭುಜ ಎತ್ತುತ್ತಾ ಮುಖ ಗಮನಿಸುತ್ತಾರೆ]

ನೋವಿದೆ ಅಂತ ಬಾಯಿಬಿಟ್ಟು ಹೇಳಲಾಗದವರಿಗೆ ಪೇನ್‌ಆ್ಯಡ್ ಅನ್ನುವ ಅಳತೆ ಇದೆ. ಐದು ವಿಷಯ ನೋಡುತ್ತೇವೆ: ಉಸಿರಾಟ, ನರಳಾಟ, ಮುಖ, ಮೈ ಬಿಗಿತ, ಸಮಾಧಾನ ಮಾಡಿದರೆ ಆಗುತ್ತಾರೋ ಇಲ್ಲವೋ. ಒಂದೊಂದಕ್ಕೂ 0ಯಿಂದ 2, ಒಟ್ಟು 10. ಎಲ್ಲರೂ ತಪ್ಪುವುದು ಒಂದೇ ಕಡೆ: ಪೇಷೆಂಟ್ ಕುರ್ಚಿಯಲ್ಲಿ ಸುಮ್ನೆ ಕೂತಿರುವಾಗ ಅಳೆಯುತ್ತಾರೆ. ಕೂತಿದ್ದಾಗ ಸುಮಿತ್ರಮ್ಮನ ಸ್ಕೋರ್ 1. ಎಡಗೈಯನ್ನು ಭುಜದ ಮಟ್ಟಕ್ಕೆ ಎತ್ತಿದಾಗ 6. ಹುಬ್ಬು ಗಂಟಾಯಿತು, ಉಸಿರು ಬಿಗಿಹಿಡಿದರು, ಬಲಗೈ ನನ್ನ ಕಡೆ ಬಂತು. ಆ ಕೈ ಹೊಡೆಯಲು ಬಂದದ್ದಲ್ಲ. ನೋಯುವ ಕಡೆಯಿಂದ ನನ್ನ ಕೈ ತೆಗೆಯಲು ಬಂದದ್ದು.

ಡಾಕ್ಟರ್‌ಗೆ ಈಗ ಹೇಳಲು ಬೇರೆ ಮಾತಿತ್ತು. ಅವರು ಭುಜ ನೋಡಿ, ಲಿವರ್ ತೊಂದರೆ ಇಲ್ಲ ಅಂತ ಖಚಿತ ಮಾಡಿಕೊಂಡು, ಪ್ಯಾರಾಸಿಟಮಾಲ್ ಬರೆದರು. 'ಬೇಕಾದಾಗ' ಅಂತ ಅಲ್ಲ, ಗಂಟೆ ಹಾಕಿ. ಬೇಕು ಅಂತ ಕೇಳಲಾಗದವರಿಗೆ 'ಬೇಕಾದಾಗ' ಅಂತ ಬರೆದರೆ ಆ ಮಾತ್ರೆ ಡಬ್ಬದಲ್ಲೇ ಉಳಿಯುತ್ತದೆ. ಬೆಳಗಿನದನ್ನು ಸ್ನಾನಕ್ಕೆ ಒಂದು ಗಂಟೆ ಮೊದಲು ಕೊಟ್ಟೆವು. ಇದೇನು ನಮ್ಮೊಬ್ಬರ ಅದೃಷ್ಟ ಅಲ್ಲ. ನಾರ್ವೆಯ 18 ನರ್ಸಿಂಗ್ ಹೋಮ್‌ಗಳ 352 ಜನರ ಮೇಲೆ ನಡೆದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ನೋವಿಗೆ ಹಂತಹಂತವಾಗಿ ಚಿಕಿತ್ಸೆ ಕೊಟ್ಟವರಲ್ಲಿ 8 ವಾರಕ್ಕೆ ಚಡಪಡಿಕೆ, ಗಲಾಟೆ ಸರಾಸರಿ 17% ತಗ್ಗಿತ್ತು. ಹೆಚ್ಚಿನವರಿಗೆ ಕೊಟ್ಟದ್ದು ಬರೀ ಪ್ಯಾರಾಸಿಟಮಾಲ್.

[ದೃಶ್ಯ: ಸ್ನಾನದ ಹೊಸ ಕ್ರಮ, ಒಂದೊಂದಾಗಿ]

ಸ್ನಾನದ ಕ್ರಮವನ್ನೂ ಬದಲಾಯಿಸಿದೆವು. ಅವರು ಒಳಗೆ ಬರುವ ಮೊದಲೇ ಬಕೆಟ್ ತುಂಬಿ ನಲ್ಲಿ ನಿಲ್ಲಿಸಿಬಿಡುತ್ತೇವೆ. ಟೈಲ್ಸ್ ಗೋಡೆಯ ಪುಟ್ಟ ಕೋಣೆಯಲ್ಲಿ ನೀರು ಬೀಳುವ ಸದ್ದು ಅವರಿಗೆ ಎಷ್ಟು ದೊಡ್ಡದಾಗಿ ಕೇಳಿಸುತ್ತದೆ ಅಂತ ನಮಗೆ ಹೊಳೆದೇ ಇರಲಿಲ್ಲ. ನೋವಿಲ್ಲದ ತೋಳನ್ನು ಮೊದಲು ಬಿಚ್ಚಬೇಕು, ನೋವಿರುವುದನ್ನು ಆಮೇಲೆ. ಹಾಕುವಾಗ ಉಲ್ಟಾ: ನೋವಿರುವ ತೋಳು ಮೊದಲು. ಹಿಂದೆ ಆಯಾ ಎಡದಿಂದಲೇ ಶುರು ಮಾಡುತ್ತಿದ್ದಳು, ಬಾಗಿಲು ಆ ಕಡೆ ಇದ್ದದ್ದಕ್ಕೆ. ಲಂಗ ಎದೆ ಮೇಲೆ, ಭುಜದ ಮೇಲೆ ಒಣ ಟವೆಲ್. ಮಗ್‌ನ ನೀರನ್ನು ಮೊದಲು ಅವರ ಕೈಗೆ ಮುಟ್ಟಿಸಿ, "ಅಮ್ಮಾ, ಕಾಲಿಗೆ ಹಾಕ್ತೀನಿ" ಅಂತ ಹೇಳಿ, ಪಾದದಿಂದ ಮೇಲಕ್ಕೆ ಬರುವುದು. ಬಲಗೈಗೆ ಒಂದು ಸೋಪು ಕೊಟ್ಟರೆ ಅವರೇ ಕಾಲು ಉಜ್ಜಿಕೊಳ್ಳುತ್ತಾರೆ. ತಲೆಸ್ನಾನ ವಾರಕ್ಕೆ ಒಂದು ದಿನ, ಅದೂ ಬೇರೆ ಹೊತ್ತಿನಲ್ಲಿ.

ಮಾತಾಡುವುದು ಒಬ್ಬರೇ. ಇಬ್ಬರು ಆಯಾಗಳು ಅವರ ತಲೆ ಮೇಲಿಂದ ಸೀರಿಯಲ್ ಕಥೆ ಮಾತಾಡಿಕೊಂಡರೆ ಅವರಿಗೆ ಅದೂ ಗಲಾಟೆಯೇ.

ಮೈ ಬಿಗಿಮಾಡಿದರೆ ಅಲ್ಲಿಗೆ ನಿಲ್ಲಿಸುವುದು. ಇಪ್ಪತ್ತು ನಿಮಿಷ ಬಿಟ್ಟು, ಸಾಧ್ಯವಾದರೆ ಬೇರೆಯವರು ಕರೆಯುವುದು. ಆಗಲೂ ಬೇಡ ಅಂದರೆ ಅವತ್ತು ಹಾಸಿಗೆಯಲ್ಲೇ ಬೆಚ್ಚಗಿನ ಒದ್ದೆ ಟವೆಲ್‌ನಿಂದ ಒರೆಸುವುದು, ಒಂದು ಭಾಗ ತೆರೆದು ಉಳಿದದ್ದನ್ನು ಮುಚ್ಚಿಟ್ಟುಕೊಂಡು. ದಿನಾ ಬೆಳಗ್ಗೆ ಎಂಟರೊಳಗೆ ಸ್ನಾನ ಆಗಲೇಬೇಕು ಅನ್ನುವ ಹಠ ನಮ್ಮ ಡ್ಯೂಟಿ ಪಟ್ಟಿಯದ್ದು, ಅವರದ್ದಲ್ಲ. ಮನೆಯವರಿಗೆ ಮಾತ್ರ ಇದನ್ನು ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ "ದುಡ್ಡು ಕಟ್ಟುತ್ತೀವಿ, ಸ್ನಾನನೂ ಮಾಡಿಸಲ್ವಾ?" ಅಂತ ಜಗಳ ಆಗುತ್ತದೆ.

ಎರಡನೇ ವಾರ ಎರಡು ಸಲ ಹೊಡೆದರು. ಎರಡೂ ಸಲ ಇದ್ದದ್ದು ಹೊಸ ಆಯಾ. ತಪ್ಪು ಅವಳದ್ದಲ್ಲ. ಹೊಸ ಕ್ರಮವನ್ನು ನಾವು ಫೈಲಿನಲ್ಲಿ ಬರೆದಿಟ್ಟಿದ್ದೆವು, ಆಯಾಗಳು ಫೈಲ್ ತೆರೆಯುವುದಿಲ್ಲ. ಒಂದು ಕಾರ್ಡ್ ಮಾಡಿ ಅವರ ಬಟ್ಟೆ ಅಲಮಾರಿಯ ಬಾಗಿಲ ಒಳಗೆ ಅಂಟಿಸಿದೆವು. ನಾಲ್ಕನೇ ವಾರಕ್ಕೆ ಹೊಡೆತ ಒಂದಕ್ಕೆ ಇಳಿಯಿತು. ತಲೆಸ್ನಾನದ ದಿನ ಬೈಗುಳ ಈಗಲೂ ಇದೆ.

[ತೆರೆಯ ಮೇಲೆ: ಮಾತ್ರೆ ಚಾರ್ಟ್]

ಹಾಗಾದರೆ ಆ್ಯಂಟಿಸೈಕೋಟಿಕ್ ಬೇಡವೇ ಬೇಡವಾ? ಹಾಗಲ್ಲ. ತನಗೋ ಬೇರೆಯವರಿಗೋ ನಿಜವಾಗಿ ಅಪಾಯ ಆಗುವಂತಿದ್ದರೆ, ಇಲ್ಲದ್ದು ಕಂಡು ದಿನವೆಲ್ಲಾ ಹೆದರಿ ನಡುಗುತ್ತಿದ್ದರೆ, ಬೇರೆ ದಾರಿ ಹಿಡಿದೂ ಫಲ ಸಿಗದಿದ್ದರೆ, ಡಾಕ್ಟರ್ ಕೊಡುತ್ತಾರೆ, ಕೊಡಬೇಕು ಕೂಡ. ಆದರೆ ಬೆಲೆ ಇದೆ. 2005ರಲ್ಲಿ ಅಮೆರಿಕದ ಎಫ್‌ಡಿಎ ಎಚ್ಚರಿಕೆ ಕೊಟ್ಟಿತು: ಸುಮಾರು 10 ವಾರದ ಪ್ರಯೋಗಗಳಲ್ಲಿ ಈ ಮಾತ್ರೆ ತೆಗೆದುಕೊಂಡವರಲ್ಲಿ ಸುಮಾರು 4.5% ಜನ ತೀರಿಕೊಂಡಿದ್ದರು, ಔಷಧಿ ಇಲ್ಲದ ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ 2.6%. ಪಾರ್ಶ್ವವಾಯು, ಬೀಳುವುದು, ಮೈ ಸೆಟೆದುಕೊಳ್ಳುವುದು, ನುಂಗಲಾಗದಿರುವುದು ಬೇರೆ. ಅತ್ತಿಂದಿತ್ತ ಓಡಾಡುವುದು, ಕೇಳಿದ್ದನ್ನೇ ಕೇಳುವುದು, ಸಾಮಾನು ಬಚ್ಚಿಡುವುದು, ಇವಕ್ಕೆ ಅದು ಕೆಲಸವನ್ನೂ ಮಾಡುವುದಿಲ್ಲ. ಮಂಪರು ತರಿಸಿ ಕೂರಿಸುತ್ತದೆ ಅಷ್ಟೇ.

ಒಂದು ವಿಷಯ ಫೋನ್ ಮಾಡುವಾಗಲೇ ಹೇಳಬೇಕು. ಇಲ್ಲದ ಮಕ್ಕಳು, ಪ್ರಾಣಿಗಳು ಕಣ್ಣಿಗೆ ಸ್ಪಷ್ಟವಾಗಿ ಕಾಣುವುದು, ನಡಿಗೆ ಬಿಗಿಯಾಗಿರುವುದು, ಒಂದು ಹೊತ್ತು ಚುರುಕು ಇನ್ನೊಂದು ಹೊತ್ತು ಮಂಕು, ಇದೆಲ್ಲಾ ಇದ್ದರೆ ಅದು ಲೂಯಿ ಬಾಡಿ ಡಿಮೆನ್ಷಿಯಾ ಇರಬಹುದು. ಅಂಥವರಿಗೆ ಹ್ಯಾಲೋಪೆರಿಡಾಲ್‌ನಂಥ ಔಷಧಿ ಸಣ್ಣ ಪ್ರಮಾಣದಲ್ಲಿ ಕೊಟ್ಟರೂ ಜೀವಕ್ಕೆ ಕುತ್ತಾಗಬಹುದು.

ಮಾತ್ರೆ ಶುರುವಾದರೆ ಚಾರ್ಟ್‌ನಲ್ಲಿ ಎರಡು ವಿಷಯ ಬರೆಸಿಕೊಳ್ಳಿ: ಯಾವ ವರ್ತನೆಗೆ ಕೊಟ್ಟದ್ದು, ಮತ್ತೆ ನೋಡುವ ತಾರೀಖು. ಅಮೆರಿಕದ ಮನೋವೈದ್ಯರ ಸಂಘದ 2016ರ ಮಾರ್ಗಸೂಚಿ ಪ್ರಕಾರ, ಸರಿಯಾದ ಪ್ರಮಾಣದಲ್ಲಿ 4 ವಾರ ಕೊಟ್ಟೂ ಉಪಯೋಗ ಕಾಣದಿದ್ದರೆ ಇಳಿಸುತ್ತಾ ನಿಲ್ಲಿಸಬೇಕು. ಉಪಯೋಗ ಆದರೂ ಸಾಮಾನ್ಯವಾಗಿ 4 ತಿಂಗಳೊಳಗೆ ಇಳಿಸಿ ನೋಡಬೇಕು. ಆ ಮೂರು ಕಾಲಂ ಹಾಳೆಯನ್ನು ಅಷ್ಟು ದಿನವೂ ಬರೆಯುತ್ತಿರಿ, ಇಳಿಸಬಹುದೋ ಬೇಡವೋ ಅಂತ ಡಾಕ್ಟರ್ ನೋಡುವುದು ಅದನ್ನೇ. ಈ ವಿಡಿಯೋ ನೋಡಿ, ಈಗಾಗಲೇ ಕೊಡುತ್ತಿರುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮುಂದಿನ ರೌಂಡ್ಸ್‌ನಲ್ಲಿ ಚಾರ್ಟ್ ತೋರಿಸಿ, "ಸರ್, ಇದು ಯಾವಾಗ ಶುರುವಾದದ್ದು, ಈಗಲೂ ಬೇಕಾ?" ಅಂತ ಕೇಳಿ.