ಚೀಟಿಯಲ್ಲಿ ಗಂಟೆ ಬರೆದುಕೊಡಿ

ನಮಸ್ಕಾರ. ಕ್ಯಾನಿನ ಜೊತೆ ಲ್ಯಾಬ್‌ನವರು ಕೈಗಿಡುವ ಚೀಟಿಯ ಮೇಲೆ ನನಗೊಂದು ತಕರಾರಿದೆ. ‘24 ಗಂಟೆಯ ಮೂತ್ರ ಹಿಡಿದು ತನ್ನಿ’ ಎಂದಷ್ಟೇ ಬರೆದರೆ ರೋಗಿಗೆ ಏನು ತಿಳಿಯಬೇಕು? ಬರೆಯಬೇಕಾದದ್ದು ಗಂಟೆ.

ಭಾನುವಾರ ಬೆಳಿಗ್ಗೆ ಆರಕ್ಕೆ ಎದ್ದು ಮೂತ್ರ ಮಾಡಿ, ಅದನ್ನು ಚೆಲ್ಲಿಬಿಡಿ. ಅದು ಶನಿವಾರ ರಾತ್ರಿ ತುಂಬಿಕೊಂಡದ್ದು, ಲೆಕ್ಕಕ್ಕೆ ಸೇರಬಾರದು. ಆಮೇಲಿನದೆಲ್ಲ ಕ್ಯಾನಿಗೆ. ಸೋಮವಾರ ಆರಕ್ಕೆ ಸರಿಯಾಗಿ ಮಾಡಿದ ಮೂತ್ರವೂ ಕ್ಯಾನಿಗೇ. ಎರಡು ಬೆಳಗಿನದನ್ನೂ ಸೇರಿಸಿದರೆ ಫಲಿತಾಂಶ ಉಬ್ಬುತ್ತದೆ, ಎರಡನ್ನೂ ಬಿಟ್ಟರೆ ಕುಗ್ಗುತ್ತದೆ.

ನಡುವೆ ಒಂದು ಸಲ ತಪ್ಪಿದರೆ ಏನು ಮಹಾ ಎನ್ನುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಮಲ್ಪೆ ಕಡೆಯ ಐವತ್ತು ವರ್ಷದ, 60 ಕಿಲೋ ತೂಕದ ಒಬ್ಬರು ಎಂದಿಟ್ಟುಕೊಳ್ಳಿ. ಇಡೀ ದಿನದ ಮೂತ್ರ 1,600 ಮಿಲಿಲೀಟರ್, ಪ್ರತಿ 100 ಮಿಲಿಲೀಟರಿಗೆ 12 ಮಿಲಿಗ್ರಾಂ ಪ್ರೋಟೀನ್. ಒಟ್ಟು 192 ಮಿಲಿಗ್ರಾಂ. ಸಾಮಾನ್ಯವಾಗಿ ಹಾಕುವ ಗಡಿ 150, ಅಂದರೆ ವೈದ್ಯರು ಗಮನಿಸಲೇಬೇಕು. ಆದರೆ ಅವರು ಮಧ್ಯಾಹ್ನ ಮದುವೆ ಊಟಕ್ಕೆ ಹೋಗಿ, ಸಭಾಭವನದ ಶೌಚಾಲಯದಲ್ಲಿ 400 ಮಿಲಿಲೀಟರ್ ಕಳೆದುಕೊಂಡು ಬಂದರು. ಕ್ಯಾನಿನಲ್ಲಿ ಉಳಿದದ್ದು 1,200, ವರದಿಯಲ್ಲಿ 144. ಕಾಗದದ ಮೇಲೆ ಎಲ್ಲವೂ ಸರಿ!

ಲ್ಯಾಬ್‌ನವರಿಗೆ ಗೊತ್ತಾಗುವುದಿಲ್ಲವೇ? ಸ್ನಾಯುಗಳಲ್ಲಿ ಹುಟ್ಟಿ ಮೂತ್ರದಲ್ಲಿ ಹೊರಹೋಗುವ ಕ್ರಿಯಾಟಿನಿನ್ ಎಂಬ ತ್ಯಾಜ್ಯವನ್ನು ಅಳೆದರೆ ಅನುಮಾನ ಬರಬಹುದು. ಒಬ್ಬರಲ್ಲಿ ಅದು ದಿನದಿಂದ ದಿನಕ್ಕೆ ಹೆಚ್ಚು ಏರುಪೇರಾಗುವುದಿಲ್ಲ. ಈ ತೂಕದ ಗಂಡಸಿನಲ್ಲಿ ದಿನಕ್ಕೆ ಸುಮಾರು 900ರಿಂದ 1,500 ಮಿಲಿಗ್ರಾಂ ಇರುತ್ತದೆ. 500 ಬಂದರೆ ಅರ್ಧ ದಿನದ್ದೇ ಕಾಣೆಯಾಗಿದೆ ಎನ್ನಬಹುದು. ಆದರೆ ಮದುವೆಗೆ ಹೋದ ಇವರ ಕ್ರಿಯಾಟಿನಿನ್ ದಿನಕ್ಕೆ 1,200 ಮಿಲಿಗ್ರಾಂ ಎಂದಿಟ್ಟುಕೊಂಡರೆ, ಕಾಲುಭಾಗ ಇಳಿದರೂ 900. ಯಾರ ಕಣ್ಣಿಗೂ ಬೀಳದೆ ದಾಟಿಬಿಡುತ್ತದೆ. ಹಾಗಾಗಿ ಒಂದು ಸಲ ತಪ್ಪಿದರೂ ಲ್ಯಾಬ್‌ಗೆ ಹೇಳಿ, ಹೊಸ ಕ್ಯಾನಿನಲ್ಲಿ ಮೊದಲಿನಿಂದ ಶುರುಮಾಡಿ. ಮದುವೆ ಇರುವ ದಿನ ಈ ಕೆಲಸಕ್ಕೆ ಕೈಹಾಕಲೇಬೇಡಿ. ಮುಟ್ಟಿನ ದಿನಗಳಲ್ಲೂ ಬೇಡ, ರಕ್ತ ಬೆರೆತರೆ ಲೆಕ್ಕ ಕೆಡುತ್ತದೆ. ಮಲವಿಸರ್ಜನೆಗೆ ಕೂರುವ ಮೊದಲೇ ಮೂತ್ರ ಮಾಡಿ ಕ್ಯಾನಿಗೆ ಸೇರಿಸಿಬಿಡಿ.

ಕ್ಯಾನಿನ ತಳದಲ್ಲಿ ಸ್ವಲ್ಪ ದ್ರವ ಕಂಡರೆ ತೊಳೆದು ಚೆಲ್ಲುವ ಶುಚಿಪ್ರಿಯರು ನಮ್ಮಲ್ಲಿ ಬಹಳ. ಕೆಲವು ಪರೀಕ್ಷೆಗಳಿಗೆ ಅಲ್ಲಿ ಆಮ್ಲ ಹಾಕಿರುತ್ತಾರೆ. ಅದು ಇರಲೇಬೇಕು, ಮೈಗೆ ಸಿಡಿದರೆ ಸುಡುತ್ತದೆ. ಆದ್ದರಿಂದ ಒಣ ಮಗ್ಗಿನಲ್ಲಿ ಹಿಡಿದು ನಿಧಾನವಾಗಿ ಸುರಿಯಿರಿ. ನಮ್ಮ ಕರಾವಳಿಯ ಸೆಕೆಯಲ್ಲಿ ಕ್ಯಾನನ್ನು ಬಚ್ಚಲಮನೆಯಲ್ಲಿ ಬಿಡಬೇಡಿ. ಬೇರೇನೂ ಹೇಳದಿದ್ದರೆ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಡಿ, ಮನೆಯವರು ಮುಖ ಸಿಂಡರಿಸಿದರೂ ಸರಿಯೇ.

ಖಾಲಿ ಹೊಟ್ಟೆಯ ರಕ್ತವನ್ನೂ ಅದೇ ಸೋಮವಾರ ಕೊಡಬಹುದು. ಭಾನುವಾರ ರಾತ್ರಿ ಎಂಟಕ್ಕೆ ಊಟ ಮುಗಿಸಿದರೆ ಬೆಳಿಗ್ಗೆ ಏಳಕ್ಕೆ ಹನ್ನೊಂದು ಗಂಟೆಯಾಗುತ್ತದೆ. ನೀರು ಕುಡಿಯಬಹುದು. ಏಕಾದಶಿಯ ಫಲಾಹಾರ, ಎಳನೀರು, ಸಕ್ಕರೆಯಿಲ್ಲದ ಚಹಾ ಯಾವುದೂ ಬೇಡ. ಮಾತ್ರೆಗಳ ವಿಷಯ, ಮುಖ್ಯವಾಗಿ ಸಕ್ಕರೆ ಕಾಯಿಲೆಯದ್ದು, ವೈದ್ಯರನ್ನೇ ಕೇಳಿಕೊಳ್ಳಿ.

ಆ ಚೀಟಿಯಲ್ಲಿ ಶುರುವಿನ ಗಂಟೆ, ಮುಗಿವ ಗಂಟೆ ಎಂದು ಎರಡು ಖಾಲಿ ಜಾಗ ಬಿಟ್ಟು, ಕೌಂಟರಿನಲ್ಲೇ ಪೆನ್ನಿನಿಂದ ತುಂಬಿಸಿಕೊಡಲು ಲ್ಯಾಬ್‌ನವರಿಗೆ ಅರ್ಧ ನಿಮಿಷವೂ ಬೇಡ.